ತಂಗಿಯ ನಂಬರನ್ನು ನಾನು ಅಡಗಿಸಿದ ಬಗೆ

ಆ ಪ್ರೊಫೈಲು ಮಾಡಿದ್ದು ಒಂದು ಭಾನುವಾರ ಎಂದು ನಾನು ಬಹಳ ದಿನ ನಂಬಿದ್ದೆ. ಹೊರಗೆ ಮೋಡ ಕವಿದಿತ್ತು, ಹೆಂಡತಿ ಅವರೆಕಾಳು ಸುಲಿಯುತ್ತಿದ್ದಳು, ತಂಗಿ, ಅಂದರೆ ಚಿಕ್ಕಪ್ಪನ ಮಗಳು, ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದಳು. ಇಷ್ಟೆಲ್ಲ ನೆನಪಿದೆ. ಆದರೆ ಖಾತೆ ತೆರೆದಾಗ ಬಂದ ಇಮೇಲನ್ನು ಈಚೆಗೆ ಹುಡುಕಿ ನೋಡಿದೆ. ಅದು ಬುಧವಾರ ಎನ್ನುತ್ತದೆ, ತಿಂಗಳು ಏಪ್ರಿಲ್. ಏಪ್ರಿಲ್‌ನಲ್ಲಿ ಆಂಧ್ರದ ಗಡಿಯ ನಮ್ಮ ಹಿಂದೂಪುರದ ಮಾರ್ಕೆಟ್ಟಿಗೆ ಅಂಥ ಅವರೆಕಾಯಿ ಎಲ್ಲಿಂದ ಬರಬೇಕು? ಯಾವುದೋ ಬೇರೆ ದಿನದ ಅವರೆಕಾಳನ್ನು ತಂದು ಈ ದಿನಕ್ಕೆ ಸುರಿದುಕೊಂಡಿದ್ದೇನೆ. ಹೀಗಾಗಿ ಮುಂದೆ ಬರೆಯುವುದರಲ್ಲಿ ನನ್ನ ನೆನಪನ್ನು ಮಾತ್ರ ನಂಬದೆ, ಫೋನಿನಲ್ಲಿ ಉಳಿದಿರುವ ಸಂದೇಶಗಳನ್ನು ಪಕ್ಕಕ್ಕಿಟ್ಟುಕೊಂಡು ಬರೆಯುತ್ತಿದ್ದೇನೆ. ಅವು ನನ್ನನ್ನು ಉಳಿಸುವುದಿಲ್ಲ.

ತಂಗಿ ಕಲ್ಯಾಣದುರ್ಗದ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹನ್ನೊಂದು ವರ್ಷದಿಂದ ಅದೇ ಲ್ಯಾಬು, ಅದೇ ಫೋನ್ ನಂಬರು. ಬೆಳಿಗ್ಗೆ ಆರಕ್ಕೆ ಸ್ಕೂಟಿ ತೆಗೆದು ಕಂಬದೂರಿನ ಕಡೆ ಹಳ್ಳಿಗಳಿಗೆ ಹೋಗಿ, ಮನೆಮನೆಯಲ್ಲಿ ರಕ್ತ ತೆಗೆದುಕೊಂಡು, ಐಸ್ ಇಟ್ಟ ಡಬ್ಬಿಯಲ್ಲಿ ತರುತ್ತಾಳೆ. ಆ ಸುತ್ತು ಅವಳದೇ. ಸಕ್ಕರೆ ಕಾಯಿಲೆಯವರು, ಬಸುರಿಯರು, ಕಾಲು ಊದಿದ ಮುದುಕರು, ಎಲ್ಲರ ಫೋನಿನಲ್ಲೂ ಅವಳ ನಂಬರು 'ರಕ್ತದಮ್ಮ' ಎಂದೋ 'ಲ್ಯಾಬ್ ಪಾಪ' ಎಂದೋ ಇದೆ. ಅವಳ ಗಂಡ ಹಿಂದೂಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಾನೆ, ವಾರಕ್ಕೊಮ್ಮೆ ಊರಿಗೆ ಹೋಗುತ್ತಾನೆ. ಹಿಂದೂಪುರದಲ್ಲೇ ಒಂದು ದೊಡ್ಡ ಆಸ್ಪತ್ರೆಯ ಲ್ಯಾಬಿಗೆ ಸೇರಿದರೆ ಗಂಡ, ಮಗಳು ಎಲ್ಲರೂ ಒಂದೇ ಕಡೆ ಇರಬಹುದೆಂದು ಅವಳ ಆಸೆ. ಅದಕ್ಕೇ ನನ್ನ ಹತ್ತಿರ ಬಂದಿದ್ದು. ನಾನು ಎಂ.ಎ. ಓದಿದವನು, ಇಲ್ಲಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಕೊನೆಯ ವರ್ಷದವರಿಗೆ ಕೆಲಸ ಹುಡುಕುವುದು ಹೇಗೆ ಎಂದು ಪಾಠ ಮಾಡುವವನು. ನನಗೆ ಈತನಕ ಖಾಯಂ ಕೆಲಸ ಸಿಕ್ಕಿಲ್ಲ ಎಂಬುದನ್ನು ಅವಳು ದೊಡ್ಡ ಮನಸ್ಸಿನಿಂದ ಎತ್ತಲಿಲ್ಲ.

ಉದ್ಯೋಗಸ್ಥರೆಲ್ಲ ತಮ್ಮ ಓದು, ಕೆಲಸ ಹಾಕಿಕೊಳ್ಳುವ ಆ ಜಾಲತಾಣದಲ್ಲಿ ಅವಳಿಗೊಂದು ಖಾತೆ ತೆರೆದೆ. ಫೋಟೋ, ಓದು, ಅನುಭವ ಎಲ್ಲ ಆಯಿತು. ಮೇಲ್ಗಡೆ ಅಗಲವಾದ ಒಂದು ಜಾಗವಿರುತ್ತದೆ, ಕವರ್ ಚಿತ್ರಕ್ಕೆ. ಅದು ಬೂದುಬಣ್ಣವಾಗಿ ಖಾಲಿ ಕಂಡಿತು.

"ಇದೇನಣ್ಣ, ಬೋರ್ಡೇ ಇಲ್ದಿರೋ ಅಂಗಡಿ ಇದ್ದಂಗೈತೆ," ಅಂದಳು.

ಆ ಮಾತು ನನಗೂ ಸರಿಯೆನಿಸಿತು. ನಮ್ಮೂರುಗಳಲ್ಲಿ ಬೋರ್ಡಿಲ್ಲದ ಕೆಲಸ ಕೆಲಸವೇ ಅಲ್ಲ. ಪಂಕ್ಚರ್ ಅಂಗಡಿಯಿಂದ ಟ್ಯೂಷನ್ನಿನವರೆಗೆ ಫ್ಲೆಕ್ಸು, ಫ್ಲೆಕ್ಸಿನ ಮೇಲೆ ಹೆಸರಿಗಿಂತ ದೊಡ್ಡದಾಗಿ ಫೋನ್ ನಂಬರು. ನಾನು ಪರಿಚಯದ ಫ್ಲೆಕ್ಸ್ ಅಂಗಡಿಯವನಿಗೆ ಹೇಳಿ ಆ ಅಳತೆಗೆ ಒಂದು ಚಿತ್ರ ಮಾಡಿಸಿದೆ. ಮೈಕ್ರೋಸ್ಕೋಪು, ಕೆಂಪು ಹನಿ, ಅವಳ ಹೆಸರು, ಓದು. ಎಡಗಡೆ ಮೂಲೆಯಲ್ಲಿ ಅವಳ ಮುಖ ಬಂದು ಕೂರುವುದರಿಂದ ಬರಹವೆಲ್ಲ ಬಲಕ್ಕಿರಲಿ ಎಂದು ಸೂಚನೆ ಕೊಟ್ಟಿದ್ದೆ. ಅಷ್ಟು ಜಾಣ ನಾನು.

ಒಂದೂವರೆ ತಿಂಗಳಿಗೆ ಅವಳು ಫೋನ್ ಮಾಡಿದಳು. ಧ್ವನಿಯಲ್ಲಿ ನಗು ಇತ್ತು, ಇನ್ನೂ.

"ಅಣ್ಣ, ಯಾರ್ಯಾರೋ ಮಾಡ್ತಾವ್ರೆ ಕಣಣ್ಣ. 'ಮೇಡಂ, ಜಾಬ್ ಕಾವಾಲಾ, ಕೆಲ್ಸ ಬೇಕಾ' ಅಂತಾರೆ, ಮೊದ್ಲು ರಿಜಿಸ್ಟ್ರೇಷನ್ ಫೀಜು ಕಟ್ಟಿ ಅಂತಾರೆ. ಒಬ್ಬನಂತೂ ದಿನಾ ಗುಡ್ ಮಾರ್ನಿಂಗು ಕಳ್ಸ್ತಾನೆ. ಹೂವಿನ ಚಿತ್ರ ಬೇರೆ."

"ಬ್ಲಾಕ್ ಮಾಡು."

"ಮಾಡಿದ್ರೆ ಇನ್ನೊಂದು ನಂಬರಿಂದ ಬತ್ತಾನೆ. ಅದ್ರಾಗೆ ನನ್ನ ನಂಬರು ಕಾಣ್ತೈತೇನೋ, ನೋಡಣ್ಣ."

ನಾನು ನೋಡಿದೆ. ಈ ಭಾಗ ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ನಾನು ತಪ್ಪಿಲ್ಲದೆ ಮಾಡಿದ ಭಾಗ ಇದು. ಸಂಪರ್ಕದ ವಿವರ ಎಂಬಲ್ಲಿ ಅವಳ ನಂಬರು ಇತ್ತು. ಅದು ಎಲ್ಲರಿಗೂ ಕಾಣುವುದಿಲ್ಲ, ಅವಳು ಕೋರಿಕೆ ಒಪ್ಪಿಕೊಂಡ ನೇರ ಪರಿಚಯದವರಿಗೆ ಕಾಣುತ್ತದೆ. ಬಂದ ಕೋರಿಕೆಯನ್ನೆಲ್ಲ ಒಪ್ಪು, ಪರಿಚಯ ಹೆಚ್ಚಾದಷ್ಟೂ ಒಳ್ಳೆಯದು ಎಂದು ನಾನೇ ಹೇಳಿದ್ದರಿಂದ ಅಂಥವರು ನಾನೂರು ಚಿಲ್ಲರೆ ಇದ್ದರು. ಆ ಜಾಗದಿಂದ ನಂಬರು ಅಳಿಸಿ ಸೇವ್ ಒತ್ತಿದೆ. ಒಳಗೆ ಲಾಗಿನ್‌ಗೆಂದು ಅದೇ ನಂಬರು ಕೊಟ್ಟ ಜಾಗ ಬೇರೆ, ಅದು ಯಾರಿಗೂ ತೋರುವುದಿಲ್ಲ, ಅದನ್ನು ಬಿಟ್ಟೆ. ಯಾರದಾದರೂ ಫೋನಿನಲ್ಲಿ ಅವಳ ನಂಬರಿದ್ದರೆ ಅದರ ಮೂಲಕ ಅವಳ ಪ್ರೊಫೈಲು ಪತ್ತೆಯಾಗಬಹುದೇ ಎಂಬ ಪ್ರಶ್ನೆಗೆ 'ಯಾರಿಗೂ ಬೇಡ' ಎಂದು ಬದಲಿಸಿದೆ. ಇಮೇಲು ಅವಳಿಗೆ ಮಾತ್ರ. ಕೊನೆಗೆ, ಖಾತೆಯೇ ಇಲ್ಲದ ಹೊರಗಿನವರಿಗೆ, ಗೂಗಲಿನಲ್ಲಿ ಹುಡುಕುವವರಿಗೆ ಏನೇನು ಕಾಣಬೇಕು ಎಂಬ ಪಟ್ಟಿ. ಒಂದೊಂದರ ಮುಂದೂ ಒಂದು ಗುಂಡಿ. ಹಳೆಯ ಕೆಲಸ, ಪ್ರಮಾಣಪತ್ರ, ಪರಿಚಯದ ಬರಹ ಎಲ್ಲ ಮುಚ್ಚಿದೆ. ಈಗಿನ ಕೆಲಸ, ಓದು ಬಿಟ್ಟೆ. ಕವರ್ ಚಿತ್ರದ ಮುಂದಿದ್ದ ಗುಂಡಿಯ ಮೇಲೆ ಬೆರಳು ನಿಂತದ್ದು ನೆನಪಿದೆ. ಬರೀ ಚಿತ್ರ ತಾನೆ, ಇರಲಿ ಎಂದುಕೊಂಡೆ. ಅಥವಾ ಈಗ ಎಲ್ಲ ತಿಳಿದ ಮೇಲೆ ಆ ಬೆರಳನ್ನು ಅಲ್ಲಿ ನಿಲ್ಲಿಸುತ್ತಿದ್ದೇನೆ. ಹೇಳಲಾರೆ.

"ಆಯ್ತು. ಇನ್ಮೇಲೆ ನಿನ್ನ ನಂಬರು ನಿನಗೇ ಕಾಣಲ್ಲ," ಅಂದೆ.

ಕರೆಗಳು ನಿಲ್ಲಲಿಲ್ಲ. ಮತ್ತೆರಡು ಸಲ ಕೇಳಿದಳು. ಎರಡೂ ಸಲ ನಾನು ಅದೇ ಸೆಟ್ಟಿಂಗುಗಳನ್ನು ಮತ್ತೆ ತೆರೆದು, ಎಲ್ಲ ಸರಿಯಿದೆ ಎಂದು ಸ್ಕ್ರೀನಿನ ಫೋಟೋ ತೆಗೆದು ಕಳಿಸಿದೆ. ಸಂದೇಶ ಇನ್ನೂ ಇದೆ: 'ನೋಡು, ಎಲ್ಲ ಆಫ್. ತೊಂದರೆ ಇಲ್ಲಿಲ್ಲ.' ಒಂದು ಸಲವೂ ಹೊರಗಿನಿಂದ ನೋಡಲಿಲ್ಲ. ಬೀಗ ಹಾಕಿದವನು ನಾನೇ ಆದ್ದರಿಂದ ಬಾಗಿಲು ತಳ್ಳಿ ನೋಡುವ ಅಗತ್ಯ ಕಾಣಲಿಲ್ಲ.

ಜುಲೈಯಲ್ಲಿ ಒಂದು ಮದುವೆಗೆಂದು ಕಲ್ಯಾಣದುರ್ಗಕ್ಕೆ ಹೋದಾಗ ಲ್ಯಾಬಿಗೆ ಹೋದೆ. ಲ್ಯಾಬಿನ ಯಜಮಾನರು, ಅವಳು 'ಸಾರು' ಎನ್ನುವವರು, ಅರವತ್ತು ದಾಟಿದ ಮನುಷ್ಯ, ಒಳ್ಳೆಯವರೇ. ನನಗೆ ಟೀ ತರಿಸಿದರು. ಅಷ್ಟರಲ್ಲಿ ಅವಳ ಫೋನು ಮೂರು ಸಲ ಹೊಡೆದುಕೊಂಡಿತು. ಒಬ್ಬ ಹೆಂಗಸಿನ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ನರ ಹುಡುಕುತ್ತಿದ್ದವಳು ಕೈ ತೆಗೆದು ಫೋನು ಮುಚ್ಚಬೇಕಾಯಿತು.

"ಏನಮ್ಮ ಇದು, ಕಾಲ್ ಸೆಂಟ್ರಾ?" ಎಂದರು ಸಾರು. ನನ್ನ ಕಡೆ ತಿರುಗಿ, "ಚೂಡಂಡಿ, ನೋಡಿ ಸಾರ್, ಹಳ್ಳಿ ಕಡೆ ಒಬ್ಳೇ ಹೋಗೋ ಹೆಣ್ಮಗಳು. ನಂಬರು ಯಾರ್ಯಾರ ಕೈಗೋ ಹೋಗ್ಬುಟ್ಟೈತೆ. ನಾಳೆ ಹೆಚ್ಚುಕಮ್ಮಿ ಆದ್ರೆ ನಂದೇ ತಲೆ."

"ಸಾರ್, ನಾನು ಯಾರ್ಗೂ ಕೊಟ್ಟಿಲ್ಲ," ಎಂದಳು ಅವಳು. "ಅಣ್ಣ, ನೀನೇ ಹೇಳಣ್ಣ. ಆ ಪ್ರೊಫೈಲಿಂದ ಏನಾದ್ರೂ..."

ಆಗ ನಾನು ಏನೋ ಹೇಳಿದೆ. ನನ್ನ ನೆನಪಿನಲ್ಲಿರುವ ಮಾತು: "ನಂಬರು ಎಲ್ಲಾದರೂ ಹೋಗಿರಬಹುದು, ಈ ಕಾಲದಲ್ಲಿ ಹೇಳೋಕಾಗಲ್ಲ." ಇದು ಮೃದುವಾದ ಮಾತು, ಯಾರನ್ನೂ ಮುಟ್ಟುವುದಿಲ್ಲ. ಬಹಳ ದಿನ ಇದನ್ನೇ ಹೇಳಿದ್ದೇನೆಂದು ಇದ್ದೆ. ಅವಳ ನೆನಪಿನಲ್ಲಿರುವ ಮಾತು ಬೇರೆ. ಅದನ್ನು ಆಮೇಲೆ ಬರೆಯುತ್ತೇನೆ.

ಮರುವಾರ ಸಾರು ಹಳ್ಳಿಯ ಸುತ್ತನ್ನು ಅವಳಿಂದ ತೆಗೆದು ಇನ್ನೊಬ್ಬ ಟೆಕ್ನಿಷಿಯನ್‌ಗೆ ಕೊಟ್ಟರು. ನೀನು ಲ್ಯಾಬಿನೊಳಗೇ ಇರು, ಮರ್ಯಾದೆಯಾಗಿರುತ್ತೆ ಅಂದರಂತೆ. ಆಗಸ್ಟಿನಲ್ಲಿ ಅವಳು ಆ ನಂಬರನ್ನೇ ಬಿಟ್ಟಳು. ಹೊಸ ಸಿಮ್ಮು ತಂದು, ಬ್ಯಾಂಕು, ಆಧಾರು, ಗ್ಯಾಸು, ಮಗಳ ಶಾಲೆ, ಒಂದೊಂದು ಕಡೆಯೂ ನಿಂತು ನಂಬರು ಬದಲಿಸಿದಳು. ಹಳೆಯ ನಂಬರು ಬಿಡುವ ಮುಂಚೆ ಆ ತಾಣದ ಲಾಗಿನ್ನಿನಿಂದಲೂ ತೆಗೆಯಬೇಕು, ಇಲ್ಲದಿದ್ದರೆ ನಾಳೆ ಆ ನಂಬರು ಯಾರಿಗೆ ಸಿಗುತ್ತದೋ ಅವರಿಗೆ ಇದರ ಓಟಿಪಿ ಹೋಗುತ್ತದೆ ಎಂದು ನಾನು ತಿಳಿವಳಿಕೆ ಹೇಳಿದೆ. ಅವಳು ಥ್ಯಾಂಕ್ಸ್ ಕಣಣ್ಣ ಎಂದು ಕಳಿಸಿದ ಸಂದೇಶವೂ ಇದೆ. ಹಳ್ಳಿಯವರ ಫೋನುಗಳಲ್ಲಿ ಮಾತ್ರ ನಂಬರು ಬದಲಿಸಿಕೊಡುವ ಕೌಂಟರು ಯಾವುದೂ ಇಲ್ಲವಲ್ಲ. ರಕ್ತದಮ್ಮನಿಗೆ ಫೋನ್ ಮಾಡಿದರೆ ನಂಬರು ಚಾಲ್ತಿಯಲ್ಲಿಲ್ಲ ಎಂದು ಬರುತ್ತಿತ್ತು.

ಸೆಪ್ಟೆಂಬರಿನಲ್ಲಿ ಕಾಲೇಜಿನಲ್ಲಿ ನನ್ನ ಪಾಠ: ಪ್ರೊಫೈಲಿನಲ್ಲಿ ಏನು ತೋರಿಸಬೇಕು, ಏನು ಮುಚ್ಚಿಡಬೇಕು. ಕಂಪ್ಯೂಟರ್ ಲ್ಯಾಬಿನಲ್ಲಿ ಪ್ರೊಜೆಕ್ಟರು, ಮುಂದೆ ನಲವತ್ತು ಜನ. ಮಾದರಿಗೆ ತಂಗಿಯ ಪ್ರೊಫೈಲು ತೆಗೆದೆ. ಅವಳನ್ನು ಕೇಳಿರಲಿಲ್ಲ. ಇದನ್ನು ಬರೆಯುವಾಗಲೇ ಹೊಳೆಯುತ್ತಿರುವ ಸಂಗತಿಯೇನಲ್ಲ, ಆಗಲೂ ಗೊತ್ತಿತ್ತು, ನಮ್ಮವಳು ತಾನೆ ಎಂದುಕೊಂಡಿದ್ದೆ.

"ನಿಮ್ಮ ಖಾತೆಯೊಳಗಿಂದ ನೋಡಿದರೆ ನಿಮಗೆ ಸತ್ಯ ತಿಳಿಯುವುದಿಲ್ಲ," ಎಂದು ಶುರುಮಾಡಿದೆ. "ಲಾಗಿನ್ ಆಗದ ಕಿಟಕಿಯೊಂದನ್ನು ತೆರೆಯಿರಿ. ಅಪರಿಚಿತನಾಗಿ ನಿಮ್ಮನ್ನು ನೀವೇ ನೋಡಿ." ಇದನ್ನು ಆ ಬೆಳಿಗ್ಗೆ ಎಲ್ಲೋ ಓದಿಕೊಂಡು ಬಂದಿದ್ದೆ. ಬ್ರೌಸರಿನ ಖಾಸಗಿ ಕಿಟಕಿ ತೆರೆದು ಅವಳ ಕೊಂಡಿ ಹಾಕಿದೆ. ಗೋಡೆ ತುಂಬ ಅವಳ ಹೆಸರು, ಮುಖ, ಮೈಕ್ರೋಸ್ಕೋಪು. "ನೋಡಿ, ಎಷ್ಟು ಬೇಕೋ ಅಷ್ಟೇ. ಫೋನ್ ನಂಬರು ಎಲ್ಲಾದರೂ ಕಾಣುತ್ತದೆಯೇ?"

ಕೊನೇ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ತುಂಟತನವೇನೂ ಇರಲಿಲ್ಲ, ನಾನು ಪರೀಕ್ಷೆ ಮಾಡುತ್ತಿದ್ದೇನೆ, ಉತ್ತರ ಕೊಡಬೇಕು ಎಂದೇ ತಿಳಿದಿದ್ದಳು.

"ಕಾಣ್ತೈತೆ ಸಾರ್. ಮೇಲೆ, ಕೆಂಪು ಹನಿ ಕೆಳಗೆ. ಓದ್ಲಾ ಸಾರ್?"

ನಾನು ಬೇಡವೆನ್ನುವಷ್ಟರಲ್ಲಿ ಐದು ಅಂಕಿ ಓದಿಬಿಟ್ಟಿದ್ದಳು. ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಬೋರ್ಡಿನಲ್ಲಿ ನಂಬರಿರುವುದು ಎಷ್ಟು ಸಹಜವೆಂದರೆ ಅದು ನನಗೆ ಚಿತ್ರವಾಗಿಯೇ ಕಂಡಿತ್ತು. ಯಾವ ಸೆಟ್ಟಿಂಗಿಗೂ ಅದು ನಂಬರೆಂದು ಗೊತ್ತಿಲ್ಲ, ಅದಕ್ಕೆ ಅದು ಬರೀ ಬಣ್ಣ. ನಾನು ಗುಂಡಿಗಳನ್ನೆಲ್ಲ ಆಫ್ ಮಾಡಿ ಕೂತಿದ್ದಾಗ ಅದು ಐದು ತಿಂಗಳು ದಾರಿಹೋಕರಿಗೆಲ್ಲ ನೆತ್ತಿಯ ಮೇಲೆ ಕಾಣುತ್ತಿತ್ತು.

"ಗುಡ್," ಎಂದೆ ಆ ಹುಡುಗಿಗೆ. "ಬೇಕೆಂದೇ ಬಿಟ್ಟಿದ್ದೆ. ಯಾರು ಗಮನಿಸುತ್ತಾರೋ ನೋಡೋಣ ಅಂತ."

ಇಡೀ ತರಗತಿ ಅವಳಿಗೆ ಚಪ್ಪಾಳೆ ತಟ್ಟಿತು.

ಸ್ಟಾಫ್ ರೂಮಿಗೆ ಬಂದು ಆ ಕವರ್ ಚಿತ್ರ ತೆಗೆದುಹಾಕಿದೆ. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಫ್ಲೆಕ್ಸಿನವನು ಅಭ್ಯಾಸಬಲದಿಂದ ನಂಬರು ಸೇರಿಸಿರಬೇಕು, ನನ್ನನ್ನು ಕೇಳಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಅವಳ ನಂಬರು ಅವನಿಗೆ ಹೇಗೆ ಗೊತ್ತು? ಹಳೆಯ ಸಂದೇಶಗಳನ್ನು ಮೇಲೆಳೆದೆ. ಅವನು ಕೇಳಿದ್ದಾನೆ: 'ನಂಬರ್ ಸಾರ್?' ನಾನು ಕಳಿಸಿದ್ದೇನೆ. ಕೆಳಗೆ ಇನ್ನೊಂದು ಸಾಲು, ಅದೂ ನನ್ನದೇ: 'ಸ್ವಲ್ಪ ದೊಡ್ಡದಾಗಿ ಹಾಕು.'

ವಿಶ್ವವಿದ್ಯಾಲಯದಲ್ಲಿ ನಮಗೆ ಕಲಿಸಿದ್ದು ಸಾಕ್ಷಿಯನ್ನು ಅನುಮಾನಿಸುವುದನ್ನು. ಅದರಲ್ಲಿ ನಾನು ಪಳಗಿದ್ದೇನೆ. ಆ ದಿನ ಅನುಮಾನಿಸಲು ಏನೂ ಇರಲಿಲ್ಲ. ತಂಗಿಗೆ ಫೋನ್ ಮಾಡಬೇಕಾಗಿತ್ತು, ಮಾಡಲಿಲ್ಲ. ಮೂರು ವಾರ ಮಾಡಲಿಲ್ಲ. ಹೇಗೂ ನಂಬರು ಹೋಗಿದೆ, ಚಿತ್ರ ತೆಗೆದಾಗಿದೆ, ಹೇಳಿ ಅವಳಿಗೆ ಮತ್ತೆ ನೋವೇಕೆ ಎಂಬುದು ನಾನು ಕೊಟ್ಟುಕೊಂಡ ಕಾರಣ. ನೋವು ಯಾರಿಗೆ ಎಂಬುದನ್ನು ಕೇಳಿಕೊಳ್ಳಲಿಲ್ಲ.

ಅವಳದೇ ಒಂದು ವಾಯ್ಸ್ ಮೆಸೇಜು ಬಂತು. ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಳು, ಸ್ವಲ್ಪ ಗೆದ್ದ ಧ್ವನಿ ಕೂಡ.

"ಅಣ್ಣ, ಕೊನೆಗೂ ಗೊತ್ತಾಯ್ತು ಕಣಣ್ಣ. ಬಸ್‌ಸ್ಟ್ಯಾಂಡ್ ತಾವ ರೀಚಾರ್ಜು ಅಂಗ್ಡಿ ಇಲ್ವಾ, ಅವ್ನೇ ನನ್ನ ನಂಬರ ಎಲ್ರಿಗೂ ಕೊಟ್ಟಿರೋನು. ಇನ್ಯಾರವ್ರೆ? ಹೋಗಿ ಎಲ್ರ ಮುಂದೆ ಬೈದ್ಬುಟ್ಟು ಬಂದೆ. ಬೆವರಿಬಿಟ್ಟ ಅಣ್ಣ. 'ಲೇದಮ್ಮಾ, ನಾನಲ್ಲಮ್ಮಾ' ಅಂತಾನೆ. ಕಳ್ಳ ಹಂಗೇ ಅನ್ನೋದು."

ಅದನ್ನು ಎರಡು ಸಲ ಕೇಳಿದೆ. ಮರುದಿನ ಬೆಳಿಗ್ಗೆ ಕಲ್ಯಾಣದುರ್ಗದ ಕಡೆಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೊದಲನೆಯ ವಾಕ್ಯದಲ್ಲಿ ಫ್ಲೆಕ್ಸಿನವನು ಬರುತ್ತಿದ್ದ, ಎರಡನೆಯದರಲ್ಲಿ ಆ ತಾಣದ ಸೆಟ್ಟಿಂಗುಗಳ ಗೊಂದಲ. ನಾನು ನಾಲ್ಕನೆಯದರಲ್ಲಿ ಬರುತ್ತಿದ್ದೆ.

ಮಧ್ಯಾಹ್ನ ಊಟದ ಹೊತ್ತು, ಲ್ಯಾಬಿನ ಹಿಂದಿನ ಕೋಣೆಯಲ್ಲಿ ಅವಳು ಒಬ್ಬಳೇ ಇದ್ದಳು. ಡಬ್ಬಿ ಮುಚ್ಚಳದಲ್ಲಿ ನನಗೂ ಚಿತ್ರಾನ್ನ ಹಾಕಲು ಹೊರಟಳು. ಬೇಡವೆಂದು ಹೇಳಿ, ಎಲ್ಲ ಹೇಳಿದೆ. ಫ್ಲೆಕ್ಸಿನವನ ಸಂದೇಶವನ್ನೂ ತೋರಿಸಿದೆ. ಜೋಡಿಸಿಕೊಂಡ ವಾಕ್ಯ ಒಂದೂ ಬಾಯಿಗೆ ಬರಲಿಲ್ಲ. ಅವಳು 'ದೊಡ್ಡದಾಗಿ ಹಾಕು' ಎಂಬ ಸಾಲನ್ನು ಓದಿ ಫೋನನ್ನು ವಾಪಸ್ಸು ಕೊಟ್ಟಳು.

"ಯಾವತ್ತು ಗೊತ್ತಾಯ್ತು?"

"ಮೂರು ವಾರ ಆಯ್ತು."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಅರ್ಧ ಊಟ ಒಳಗೇ ಇತ್ತು.

"ಅವತ್ತು ಸಾರ್ ಮುಂದೆ ಏನಂದೆ, ನೆನಪೈತಾ?"

ನಾನು ನನ್ನ ಮೃದುವಾದ ಮಾತನ್ನು ಹೇಳಿದೆ.

"ಹಂಗಂದಿಲ್ಲ ನೀನು. 'ನೀನೇ ಎಲ್ಲೋ ಯಾರಿಗೋ ಕೊಟ್ಟಿರ್ತೀಯ, ನೆನಪು ಮಾಡ್ಕೋ' ಅಂದೆ. ನಕ್ಕೊಂಡು ಅಂದೆ. ಟೀ ಕುಡೀತಾ ಅಂದೆ. ಸಾರ್ ನನ್ನ ಮುಖ ನೋಡಿದ್ರು. ನಾನು ಎರಡು ತಿಂಗ್ಳು ನೆನಪು ಮಾಡ್ಕಂಡೆ ಕಣಣ್ಣ, ಯಾರ್ಗೆ ಕೊಟ್ಟಿದ್ದೆ ಅಂತ. ಜೆರಾಕ್ಸ್ ಅಂಗ್ಡಿ, ಸೀರೆ ಅಂಗ್ಡಿ, ಬಸ್ಸಲ್ಲಿ ಪಕ್ಕ ಕೂತೋರು. ನಂಗೆ ನನ್ನ ಮೇಲೇ ಗುಮಾನಿ ಬಂದ್ಬುಡ್ತು."

ಅವಳ ಮಾತಿನ ಮುಂದೆ ನನ್ನ ನೆನಪು ನಿಲ್ಲಲಿಲ್ಲ. ಅವಳು ಹೇಳಿದ ಮೇಲೆ ಆ ನಗು ನನ್ನ ಕೆನ್ನೆಯಲ್ಲೇ ಸಿಕ್ಕಿತು. ಇದೂ ಅವಳು ಕೊಟ್ಟ ನೆನಪಾಗಿರಬಹುದು ಎಂದು ನನ್ನೊಳಗಿನ ಪಂಡಿತ ಆಗಲೂ ಪಿಸುಗುಟ್ಟಿದ. ಅವನ ಬಗ್ಗೆ ನನಗೆ ಅಸಹ್ಯವಾಯಿತು.

"ತಪ್ಪಾಯ್ತು," ಎಂದೆ.

"ನನ್ನ ಹತ್ರ ಅಂದ್ರೆ ಏನು ಬಂತು? ಯಾರ ಮುಂದೆ ಅಂದಿದ್ದೆಯೋ ಅಲ್ಲಿ ಅನ್ನು. ಆಮೇಲೆ ರೀಚಾರ್ಜು ಅಂಗ್ಡಿಗೆ ಹೋಗಣ. ಅಲ್ಲಿ ತಪ್ಪಾಯ್ತು ಅಂತ ನಾನು ಕೇಳ್ಕಂತೀನಿ, ನೀನು ಪಕ್ಕದಾಗೆ ನಿಂತ್ಕೊ. ಯಾತಕ್ಕೆ ಅಂತ ನೀನೇ ಹೇಳ್ಬೇಕು."

ಸಾರು ಊಟ ಮುಗಿಸಿ ಬಂದರು. ನಾನು ಹೇಳಿದೆ. ಮಧ್ಯದಲ್ಲಿ ಅವರಿಗೆ ಕವರ್ ಚಿತ್ರವೆಂದರೇನೆಂದು ತಿಳಿಯಲಿಲ್ಲ, ಮತ್ತೆ ಮೊದಲಿಂದ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಕಷ್ಟವಾಗಿತ್ತು.

"ಅಂದ್ರೆ ಊರೆಲ್ಲಾ ಕಾಣೋ ಹಾಗೆ ನೀವೇ ಬೋರ್ಡು ಕಟ್ಟಿ, ಈ ಯಮ್ಮನ್ನ ಕೇಳಿದ್ರಿ ಯಾರ್ಗೆ ಹೇಳ್ದೆ ಅಂತ?" ಎಂದರು. ಆಮೇಲೆ ಕನ್ನಡಕ ಒರೆಸಿಕೊಂಡು, "ನಾನೂ ಕೇಳ್ದೆ ಬಿಡಿ. ನೀವು ಓದ್ದೋರು ಅಂದ್ರಲ್ಲ, ನಿಜ ಇರ್ತೈತೆ ಅಂದ್ಕಂಡೆ." ಅವಳ ಕಡೆ ನೋಡದೆ, "ಸೋಮವಾರದಿಂದ ನೀನೇ ಹೋಗಮ್ಮ," ಎಂದರು.

"ಹೊಸಾ ನಂಬರು ಯಾರ್ಗೂ ಗೊತ್ತಿಲ್ಲ ಸಾರ್," ಎಂದಳು. "ಮತ್ತೆ ಒಂದೊಂದು ಮನೆಗೂ ಹೋಗಿ ಹೇಳ್ಬೇಕು."

ರೀಚಾರ್ಜು ಅಂಗಡಿಯವನು ನನಗಿಂತ ಹತ್ತು ವರ್ಷ ಚಿಕ್ಕವನು. ಪೂರ್ತಿ ಕೇಳಲೇ ಇಲ್ಲ. "ವದಿಲೇಯಂಡಿ, ಬಿಟ್ಬುಡಿ ಅಕ್ಕ," ಎನ್ನುತ್ತ ಸ್ಟೂಲು ಮುಂದೆ ತಳ್ಳಿದ. ನನ್ನ ಕಡೆ ಕೈ ತೋರಿಸಿ, "ಈ ಸಾರ್ ಯಾರು?" ಎಂದು ಕೇಳಿದ.

"ನಮ್ಮಣ್ಣ. ಕಾಲೇಜಲ್ಲಿ ಇದನ್ನೇ ಪಾಠ ಮಾಡ್ತಾರೆ," ಎಂದಳು.

ಅವನಿಗೆ ನಗು ಬಂತು, ತಡೆದುಕೊಂಡ. ನಾನು ಅವನಿಗೂ ಹೇಳಿದೆ, ಮೂರನೆಯ ಸಲ. ಅಂಗಡಿ ಮುಂದೆ ಸಿಮ್ಮು ಕೊಳ್ಳಲು ನಿಂತಿದ್ದ ಇಬ್ಬರೂ ಕೇಳಿಸಿಕೊಂಡರು.

ಸಂಜೆ ಬಸ್ಸಿಗೆ ಇನ್ನೂ ಸಮಯವಿತ್ತು. ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಅವಳು ತನ್ನ ಫೋನಿನಲ್ಲಿ ಆ ಪ್ರೊಫೈಲು ತೆಗೆದಳು. ಅಳಿಸಿಬಿಡುತ್ತಾಳೆ ಎಂದುಕೊಂಡೆ. ಇಲ್ಲ, ಹಿಂದೂಪುರದ ಕೆಲಸ ಅವಳಿಗೆ ಇನ್ನೂ ಬೇಕಾಗಿತ್ತು. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, "ಇದು ಯಾರ್ಗೆ ಕಾಣ್ತೈತೆ?" ಎಂದು ಕೇಳಿದಳು. ನಾನು ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೆ. ಹೆಸರಿನ ಕೊನೆಯ ಭಾಗ ಹೊರಗಿನವರಿಗೆ ಬರೀ ಒಂದಕ್ಷರ ಕಾಣಲಿ ಎಂದಳು. ಊರಿನ ಹೆಸರು ತೆಗೆದು ಜಿಲ್ಲೆಯದು ಹಾಕಿದಳು. ಮುಖದ ಫೋಟೋ ಪರಿಚಯದವರಿಗೆ ಮಾತ್ರ. ಓದು, ಹನ್ನೊಂದು ವರ್ಷದ ಕೆಲಸ, ಇವು ಎಲ್ಲರಿಗೂ ಕಾಣಲಿ, ಇದ್ರಾಗೇನು ನಾಚ್ಕೆ ಎಂದಳು. ಕೆಲಸ ಕೊಡುವವರು ಅಲ್ಲೇ ಸಂದೇಶ ಕಳಿಸಬಹುದು, ಫೋನು ಬೇಕಿಲ್ಲ ಎಂದು ನಾನು ಹೇಳಿದಾಗ, ಅದನ್ನ ಏಪ್ರಿಲ್ಲಲ್ಲೇ ಹೇಳ್ಬಾರ್ದಾಗಿತ್ತಾ ಎಂದಳು. ಮೇಲಿನ ಬೂದು ಜಾಗವನ್ನು ಖಾಲಿ ಬಿಟ್ಟಳು. ಗೂಗಲಿನಲ್ಲಿ ಹಳೆಯದು ಇನ್ನೂ ಸ್ವಲ್ಪ ದಿನ ಉಳಿದಿರಬಹುದು, ಅದನ್ನು ತೆಗೆಸಲು ಅರ್ಜಿ ಹಾಕುವುದಿದೆ, ನಾನು ಹಾಕುತ್ತೇನೆ ಎಂದೆ.

"ಬೇಡ. ಹೆಂಗೆ ಅಂತ ತೋರ್ಸು, ನಾನೇ ಹಾಕ್ತೀನಿ."

ಆಮೇಲೆ ಪಾಸ್‌ವರ್ಡ್ ಬದಲಿಸುವುದು ಎಲ್ಲಿ ಎಂದು ಕೇಳಿದಳು. ಹಳೆಯದನ್ನು ಇಟ್ಟವನು ನಾನೇ, ನನ್ನ ಫೋನಿನಲ್ಲಿ ಅವಳ ಖಾತೆ ತೆರೆದೇ ಇತ್ತು. ತೋರಿಸಿದೆ. ಬೇರೆ ಫೋನುಗಳಲ್ಲಿ ತೆರೆದಿರುವುದೂ ಮುಚ್ಚಿಹೋಗಲಿ ಎಂಬ ಸಾಲಿನ ಪಕ್ಕ ಗುರುತು ಹಾಕುವುದನ್ನೂ ತೋರಿಸಿದೆ. ಅವಳು ಅದನ್ನು ಓದಿದಳು, ಗುರುತು ಹಾಕಿದಳು, ಹೊಸ ಪಾಸ್‌ವರ್ಡ್ ಬರೆಯುವ ಖಾಲಿ ಜಾಗದ ಮೇಲೆ ಬೆರಳು ತಂದು ನಿಲ್ಲಿಸಿದಳು.

"ಅಣ್ಣ, ಸ್ವಲ್ಪ ಆ ಕಡೆ ತಿರುಗು."

ಜೋರಾಗಿ ಹೇಳಲಿಲ್ಲ. ಬೇರೆಯವರಿಗೆ ಹೇಳುವಷ್ಟು ಮರ್ಯಾದೆಯಿಂದಲೇ ಹೇಳಿದಳು. ನಾನು ತಿರುಗಿ ಕೂತೆ. ಅವಳು ಒಂದೊಂದೇ ಅಕ್ಷರ ಒತ್ತುವುದು ಬೆನ್ನ ಹಿಂದೆ ಕೇಳಿಸುತ್ತಿತ್ತು.